‘ತಗದಾರ’ ಎಂಬ ಒಂದು ಮಾತು

ಡಿ ಡ್ರೈವ್ ಸಂಜೆ ಹೊತ್ತಿನಲ್ಲಿ ಮಾತ್ರ ಮಾಯವಾಗುತ್ತಿತ್ತು. ಅದೂ ಪ್ರತಿದಿನವಲ್ಲ, ವಾರಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲ. ಆದರೆ ಮಾಯವಾದಾಗಲೆಲ್ಲ ಸುಮನ ಊಟಕ್ಕೆ ಹೋಗಿರುತ್ತಿದ್ದಳು.

ಬನಹಟ್ಟಿಯ ಸುಭಾಷ್ ಸಾಹುಕಾರರ ಮಗ್ಗದ ಶೆಡ್ಡಿಗೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಒಂದೇ ಕಂಪ್ಯೂಟರ್ ಇತ್ತು. ಸೀರೆಯ ಅಂಚು, ಸೆರಗು, ಬುಟ್ಟಾಗಳನ್ನು ಅದರಲ್ಲಿ ಚಿತ್ರಿಸಿ ಜಕಾರ್ಡ್ ಮಗ್ಗಗಳಿಗೆ ಕಳುಹಿಸುವುದು ಸುಮನಳ ಕೆಲಸ. ವಿಂಡೋಸ್ ಇದ್ದದ್ದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಒಂಬತ್ತು ವರ್ಷದ ವಿನ್ಯಾಸಗಳೆಲ್ಲ ಇದ್ದದ್ದು ಡಿ ಎಂದು ಕಾಣುವ, ಅಂಗೈಯಗಲದ ಎಸ್‌ಎಸ್‌ಡಿ ಡ್ರೈವಿನಲ್ಲಿ. ತೇರದಾಳದ ಜೈನ ಮನೆತನದ ಸುಮನ ಬನಹಟ್ಟಿಯಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಸೂರ್ಯ ಮುಳುಗಿದ ಮೇಲೆ ಅವರಲ್ಲಿ ಊಟವಿಲ್ಲ. ಹಾಗಾಗಿ ಸಂಜೆಯಾಗುತ್ತಲೇ ಎದ್ದು ಎರಡು ಗಲ್ಲಿ ದಾಟಿ ಹೋಗಿ, ಉಂಡು, ನಲವತ್ತು ನಿಮಿಷದಲ್ಲಿ ಮರಳಿ ಕೂರುತ್ತಿದ್ದಳು. ಮಧ್ಯಾಹ್ನದ ಡಬ್ಬಿಯನ್ನು ಮಾತ್ರ ಕಂಪ್ಯೂಟರಿನ ಎದುರೇ ಬಿಚ್ಚುತ್ತಿದ್ದಳು. ಒಂದು ಕೈ ಮೌಸಿನ ಮೇಲೆಯೇ ಇರುತ್ತಿತ್ತು.

“ರಿಸ್ಟಾರ್ಟ್ ಮಾಡಿದ್ರ ಬರಂಗಿಲ್ರಿ,” ಎಂದು ಅವಳೇ ಮೊದಲು ದೂರು ಕೊಟ್ಟವಳು. “ಪೂರ್ತಿ ಬಂದ್ ಮಾಡಿ, ಗ್ವಾಡಿ ಬಟನ್ ತಗದು, ಮತ್ತ ಹಚ್ಚಬೇಕು. ಆವಾಗ ಬರತೈತಿ. ಫೈಲ್ ಎಲ್ಲಾ ಇದ್ದಂಗ ಇರತಾವ.”

ಜಮಖಂಡಿಯಿಂದ ಶಿವಪುತ್ರ ಬಂದ. ಬನಹಟ್ಟಿಯ ಆ ಓಣಿಯ ಮಗ್ಗದ ಮನೆಗಳ ಕಂಪ್ಯೂಟರುಗಳೆಲ್ಲ ಅವನ ಕೈಯಲ್ಲೇ ದುರಸ್ತಿಯಾಗುತ್ತಿದ್ದವು. ಸೆಕೆಗೆಂದು ಪಕ್ಕದ ತಗಡನ್ನು ತೆಗೆದೇ ಇಟ್ಟಿದ್ದ ಕಂಪ್ಯೂಟರಿನ ಡಬ್ಬಿಯೊಳಗೆ ಬೆರಳಿಟ್ಟು ನೋಡಿದ. ಗೋಡೆಯಾಚೆಯ ಮಗ್ಗಗಳ ಬಡಿತಕ್ಕೆ ನೆಲವೇ ನಡುಗುತ್ತಿತ್ತು. ಎಸ್‌ಎಸ್‌ಡಿಯ ಕೇಬಲ್ಲಿಗೆ ಹಿಡಿಕ್ಲಿಪ್ಪೂ ಇರಲಿಲ್ಲ.

“ಇದ ನೋಡ್ ತಂಗಿ. ಮಗ್ಗ ಕುಣೀತಾವ, ಇದು ತಾಳ ಹಾಕತೈತಿ,” ಎಂದು ನಕ್ಕು, ಕ್ಲಿಪ್ಪಿರುವ ಹೊಸ ಕೇಬಲ್ ಹಾಕಿ, ತುದಿಯನ್ನು ಕ್ಲಿಕ್ಕೆನ್ನುವವರೆಗೆ ಒತ್ತಿ ಹೋದ.

ಐದು ದಿನ ಡಿ ಡ್ರೈವ್ ಮಾಯವಾಗದೆ ನಿಂತಿತು. ಆರನೆಯ ಸಂಜೆ ಮತ್ತೆ ಹೋಯಿತು.

ಆ ವಾರವೇ ಒಂದು ಕೆಟ್ಟ ಸುದ್ದಿ ಬಂತು. ಸಾಹುಕಾರರ ಹೊಸ ಅಂಚು, ಇನ್ನೂ ಅಂಗಡಿಗೆ ಇಳಿಯದ ನವಿಲುಗರಿಯ ಅಂಚು, ಬೇರೊಬ್ಬರ ಸೀರೆಯಲ್ಲಿ ಕಾಣಿಸಿಕೊಂಡಿತು. ಮಾದರಿಗೆಂದು ನೇಯ್ದ ನಾಲ್ಕು ಸೀರೆಗಳನ್ನು ಊರಿಡೀ ತೋರಿಸಿ ಬಂದವರು ಸಾಹುಕಾರರೇ. ಸೀರೆ ನೋಡಿಯೇ ಅಂಚಿನ ನಕಲು ಎತ್ತುವವರು ಬನಹಟ್ಟಿಯಲ್ಲಿ ಕಡಿಮೆಯೇನಿಲ್ಲ. ಆದರೆ ಸಾಹುಕಾರರ ತಲೆಯಲ್ಲಿ ಬೇರೊಂದು ಲೆಕ್ಕ ಕೂಡಿಬಂದಿತ್ತು. ತೆರೆದ ಕಂಪ್ಯೂಟರ್ ಡಬ್ಬಿ, ಅಂಗೈಯಗಲದ ಡ್ರೈವ್, ಸಂಜೆ ಹೊರಗೆ ಹೋಗುವ ಹುಡುಗಿ; ಅವಳು ಬಂದು ಮಿಷನ್ ಬಂದ್ ಮಾಡಿ ಹಚ್ಚಿದ ಮೇಲೆಯೇ ಮರಳುವ ಡ್ರೈವ್. ಇವಳೇ ಅದನ್ನು ಬಿಚ್ಚಿ ಒಯ್ದು ನಕಲು ಕೊಟ್ಟು ಬರುತ್ತಾಳೆ.

ಶಿವಪುತ್ರ ಕಂಪ್ಯೂಟರನ್ನೇ ಜಮಖಂಡಿಗೆ ಹೊತ್ತೊಯ್ದ. ಅವನ ಪರೀಕ್ಷೆಯ ಕ್ರಮ ಒಂದೇ: ಡ್ರೈವಿಗೆ ಬಿಡುವು ಕೊಡದೆ ದಿನವಿಡೀ ಬರೆಸುವುದು, ಓದಿಸುವುದು. ಬೆಳಿಗ್ಗೆ ಹಚ್ಚಿದ, ಸಂಜೆಯವರೆಗೆ ಓಡಿಸಿದ. ಡ್ರೈವ್ ಒಮ್ಮೆಯೂ ತಪ್ಪಲಿಲ್ಲ. ದಣಿದಾಗ ಬೀಳುವುದನ್ನು ಅವನು ಹುಡುಕಿದ. ಸುಮ್ಮನಿದ್ದಾಗ ಬೀಳುವುದು ಅವನಿಗೆ ಹೊಳೆಯಲಿಲ್ಲ.

ಮರುದಿನ ಅವನು ಕಂಪ್ಯೂಟರ್ ತಂದಿಟ್ಟಾಗ ಸಾಹುಕಾರರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ಸುಮನ ಬಾಗಿಲ ಬಳಿ ನಿಂತಿದ್ದಳು. ಶಿವಪುತ್ರ ವಿಂಡೋಸ್ ತಾನೇ ಬರೆದಿಡುವ ದಿನಚರಿಯನ್ನು ತೆರೆದ. ಸಂಜೆಯ ಹೊತ್ತಿನ ಸಾಲುಗಳು ಕೆಂಪು, ಹಳದಿ ಗುರುತುಗಳೊಂದಿಗೆ ಸಾಲಾಗಿ ನಿಂತಿದ್ದವು.

“ಏನ್ ಬರದೈತಿ ಅದರಾಗ?” ಸಾಹುಕಾರರು ಕೇಳಿದರು.

“ಡಿಸ್ಕ್ ಒನ್ ಹ್ಯಾಸ್ ಬೀನ್ ಸರ್‌ಪ್ರೈಸ್ ರಿಮೂವ್ಡ್, ಅಂತ ಐತ್ರಿ.”

“ಕನ್ನಡದಾಗ ಹೇಳ್ರಿ.”

ಶಿವಪುತ್ರ ಒಂದು ಗಳಿಗೆಯೂ ಯೋಚಿಸಲಿಲ್ಲ. “ತಿಳಿಸದ ತಟ್ನ ತಗದಾರ, ಅಂತರಿ.”

ಹೇಳದೆ ಕೇಳದೆ ಡಿಸ್ಕಿನ ಸಂಪರ್ಕ ತಪ್ಪಿತು ಎಂಬುದಷ್ಟೇ ಆ ಇಂಗ್ಲಿಷ್ ಸಾಲಿನ ಅರ್ಥ. ಅದರಲ್ಲಿ ಯಾರೂ ಇರಲಿಲ್ಲ. ‘ತಗದಾರ’ ಎಂದದ್ದೇ ತಡ, ಆ ಸಾಲಿನೊಳಗೆ ತೆಗೆದವನೊಬ್ಬ ಮನುಷ್ಯ ಬಂದು ನಿಂತ.

ಸಾಹುಕಾರರು ಬಾಗಿಲತ್ತ ತಿರುಗಿದರು. “ಕೇಳಿದೇನವ್ವಾ? ಮಿಷನ್ನ ಹೇಳಾಕತ್ತೈತಿ. ತಾಸು ನಿಮಿಷ ಹಾಕಿ ಹೇಳಾಕತ್ತೈತಿ.”

“ನಾ ಮುಟ್ಟಿಲ್ರಿ, ಸಾವುಕಾರ್ರ.”

“ಹಂಗಾರ ಡ್ರೈವಿನ್ಯಾಗ ದೋಷ ಇರಬೇಕು. ಶಿವಪುತ್ರಪ್ಪ, ದೋಷ ಐತೇನು?”

“ಇಡೀ ದಿನ ಓಡಿಸೇನ್ರಿ. ಡ್ರೈವ್ ಛಲೋ ಐತಿ.”

“ಬರದ ಕೊಡ್ರಿ.”

ಅವನು ಕೆಲಸದ ಚೀಟಿಯ ಮೇಲೆ ‘ಪರೀಕ್ಷಿಸಲಾಗಿದೆ, ಡ್ರೈವಿನಲ್ಲಿ ದೋಷವಿಲ್ಲ’ ಎಂದು ಬರೆದ. ಬ್ಯಾಗಿನ ಮುಂದಿನ ಜೇಬಿನಿಂದ, ಸದಾ ಅಲ್ಲೇ ಇರುವ ರಬ್ಬರ್ ಶಿಕ್ಕಾ ತೆಗೆದು ಕೆಳಗೆ ಒತ್ತಿದ. ಸುಮನ ಆ ನೀಲಿ ಗುರುತು ಒಣಗುವವರೆಗೆ ನೋಡಿದಳು. ಆಮೇಲೆ ಊಟದ ಡಬ್ಬಿಯ ಚೀಲ ಎತ್ತಿಕೊಂಡಳು. ಸಾಹುಕಾರರು ಚೀಲವನ್ನು ತೆರೆಸಿ ನೋಡಿದ ಮೇಲೆಯೇ ಅವಳನ್ನು ಹೊರಗೆ ಬಿಟ್ಟರು.

ಅವಳ ಜಾಗಕ್ಕೆ ಮಾಂತೇಶ ಬಂದ. ಅವನು ಕುಳಿತರೆ ಏಳದವ. ಸಂಜೆಯವರೆಗೆ ಎಡೆಬಿಡದೆ ದುಡಿದು, ಕಂಪ್ಯೂಟರ್ ಬಂದ್ ಮಾಡಿಯೇ ಮನೆಗೆ ಹೋಗುತ್ತಿದ್ದ. ಡಿ ಡ್ರೈವ್ ಒಂದು ದಿನವೂ ಮಾಯವಾಗಲಿಲ್ಲ. ಸಾಹುಕಾರರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ರಬಕವಿಯಲ್ಲಿ ಕೆಲಸ ಕೇಳಲು ಹೋದ ಮೂರು ಕಡೆಯೂ ಸುಮನಳಿಗಿಂತ ಮೊದಲೇ ಅವಳ ಸುದ್ದಿ ತಲುಪಿತ್ತು. ಅವಳು ತೇರದಾಳಕ್ಕೆ ಮರಳಿದಳು.

ತಿಂಗಳು ಕಳೆದ ಮೇಲೆ ಮುಧೋಳದ ಫೋಟೋ ಸ್ಟುಡಿಯೋದ ಈಶ್ವರ ತನ್ನ ಕಂಪ್ಯೂಟರನ್ನು ಶಿವಪುತ್ರನ ಅಂಗಡಿಗೆ ತಂದಿಟ್ಟ. ಅದೇ ಕಂಪನಿಯ, ಅದೇ ಮಾದರಿಯ ಎಸ್‌ಎಸ್‌ಡಿ.

“ನಾ ಚಾ ಕುಡದ ಬರೂದ್ರಾಗ ಹೋಗಿರತೈತಿ ಮಾರಾಯಾ. ನಾ ಇದ್ದಾಗ ಮಾತ್ರ ಶ್ಯಾಣ್ಯಾ ಆಗಿರತೈತಿ.”

ಶಿವಪುತ್ರನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ನಿಂತಿತು. ಅಂದು ಅವನು ಡ್ರೈವಿಗೆ ಕೆಲಸ ಕೊಡಲಿಲ್ಲ. ಕಂಪ್ಯೂಟರ್ ಹಚ್ಚಿಟ್ಟು, ಮುಟ್ಟದೆ, ಎದುರು ಕುಳಿತ. ಇಪ್ಪತ್ತು ನಿಮಿಷ ಯಾರೂ ಏನನ್ನೂ ಕೇಳದಿದ್ದರೆ ಡಿಸ್ಕನ್ನು ಮಲಗಿಸಬೇಕೆಂಬ ವಿದ್ಯುತ್ ಉಳಿತಾಯದ ಸೂಚನೆ ವಿಂಡೋಸಿನಲ್ಲೇ ಇತ್ತು. ಮೊದಲ ಸಲ ಡ್ರೈವ್ ಮಲಗಿ ಎದ್ದಿತು. ಎರಡನೆಯ ಸಲವೂ ಎದ್ದಿತು. ಮೂರನೆಯ ಸಲ ಫೋಲ್ಡರ್ ಒತ್ತಿದಾಗ ಪರದೆ ಕೆಲ ಗಳಿಗೆ ತಡವರಿಸಿತು. ನೋಡುತ್ತಿದ್ದಂತೆಯೇ ಡ್ರೈವ್ ಇಲ್ಲವಾಯಿತು. ರಿಸ್ಟಾರ್ಟಿಗೆ ಬರಲಿಲ್ಲ. ರಿಸ್ಟಾರ್ಟ್ ಮಾಡಿದಾಗ ಡ್ರೈವಿಗೆ ಹೋಗುವ ಕರೆಂಟು ಕಡಿಯುವುದಿಲ್ಲವಲ್ಲ. ಪೂರ್ತಿ ಬಂದ್ ಮಾಡಿ ಹಚ್ಚಿದಾಗ ಬಂತು. ದಿನಚರಿ ತೆರೆದ. ಅದೇ ಸಾಲು. ಕೋಣೆಯಲ್ಲಿ ಅವನೊಬ್ಬನೇ ಇದ್ದ. ಅವನು ಏನನ್ನೂ ತೆಗೆದಿರಲಿಲ್ಲ.

ಮಲಗಿಸುವ ಸೂಚನೆಯನ್ನೂ, ಡ್ರೈವಿನ ಕೇಬಲ್ ಕೊಂಡಿಯ ವಿದ್ಯುತ್ ಉಳಿತಾಯವನ್ನೂ ರದ್ದು ಮಾಡಿ ಮೂರು ದಿನ ಬಿಟ್ಟ. ಹೋಗಲಿಲ್ಲ. ಆ ಸೂಚನೆಗಳನ್ನು ಮತ್ತೆ ಜಾರಿಗೆ ತಂದ. ಹೋಯಿತು. ತಯಾರಕರ ಜಾಲತಾಣದಲ್ಲಿ ಎರಡು ಸಾಲಿನ ಸೂಚನೆ ಸಿಕ್ಕಿತು: ಡ್ರೈವಿನೊಳಗೇ ಕುಳಿತು ಅದನ್ನು ನಡೆಸುವ ಫರ್ಮ್‌ವೇರಿನ ಹಳೆಯ ಆವೃತ್ತಿ, ಗಾಢ ವಿಶ್ರಾಂತಿಯಿಂದ ಕರೆದಾಗ ಕೆಲವೊಮ್ಮೆ ಓಗೊಡುವುದಿಲ್ಲ, ಹೊಸ ಆವೃತ್ತಿ ಹಾಕಿಕೊಳ್ಳಿ. ಹಾಕಿದ. ನಾಲ್ಕು ದಿನ ಮಲಗಿಸಿ ಎಬ್ಬಿಸಿದ. ಪ್ರತಿ ಸಲವೂ ಎದ್ದಿತು. ಈಶ್ವರ ಬಂದು ಕಂಪ್ಯೂಟರ್ ಒಯ್ದ.

ಮರುದಿನ ಬೆಳಿಗ್ಗೆ ಶಿವಪುತ್ರ ಬನಹಟ್ಟಿಯ ಬಸ್ಸು ಹತ್ತಿದ. ಸಾಹುಕಾರರು ಇನ್ನೂ ಬಂದಿರಲಿಲ್ಲ. ಮೊದಲು ದುರಸ್ತಿ, ಆಮೇಲೆ ಮಾತು. ಹದಿನಾಲ್ಕು ವರ್ಷದ ರೂಢಿ ಅದು. ಅವನು ಮಾಂತೇಶನನ್ನು ಕುರ್ಚಿಯಿಂದ ಎಬ್ಬಿಸಿ, ವಿನ್ಯಾಸಗಳ ಪ್ರತಿ ತೆಗೆದಿಟ್ಟು, ಹೊಸ ಫರ್ಮ್‌ವೇರ್ ಹಾಕಿ ಮುಗಿಸಿದ. ಸಾಹುಕಾರರು ಬರುವಷ್ಟರಲ್ಲಿ ಡ್ರೈವ್ ನಿಜವಾಗಿಯೂ ದೋಷವಿಲ್ಲದ ಡ್ರೈವ್ ಆಗಿತ್ತು.

ಅವನು ಹೇಳಿದ್ದನ್ನೆಲ್ಲ ಸಾಹುಕಾರರು ತಾಳ್ಮೆಯಿಂದ ಕೇಳಿದರು.

“ಹಂಗಾರ ತೋರಸ್ರಿ. ನನ್ನ ಕಣ್ಮುಂದ ಹೋಗ್ಲಿ ಅದು.”

ಆಗ ಅವನಿಗೆ ತಾನು ಮಾಡಿದ್ದು ತಿಳಿಯಿತು.

ಕೋಣೆಯ ಬಾಗಿಲು ಮುಚ್ಚಿ ಇಬ್ಬರೂ ಕುಳಿತರು. ಗೋಡೆಯಾಚೆ ಮಗ್ಗಗಳು ಬಡಿಯುತ್ತಿದ್ದವು. ಇಪ್ಪತ್ತು ನಿಮಿಷವಾಯಿತು, ಸಾಹುಕಾರರು ಫೋಲ್ಡರ್ ಒತ್ತಿದರು, ತೆರೆಯಿತು. ನಲವತ್ತು ನಿಮಿಷವಾಯಿತು, ಒತ್ತಿದರು, ನವಿಲುಗರಿಯ ಅಂಚು ಪರದೆಯ ತುಂಬ ಹರಡಿಕೊಂಡಿತು.

“ಐತೆಲ್ಲ?”

“ಈಗ ದುರಸ್ತಿ ಆಗೇತ್ರಿ. ಮೊದಲಿನ ಆವೃತ್ತಿ ಹಿಂದಕ ಹಾಕಾಕ ಕಂಪನಿಯವರು ಬಿಡಂಗಿಲ್ಲ. ಅವರ ಸೂಚನಾ ಐತ್ರಿ ನೋಡ್ರಿ, ಮೊಬೈಲಿನ್ಯಾಗ.”

ಸಾಹುಕಾರರು ಮೊಬೈಲನ್ನು ಓದಿದರು. ಎರಡು ಸಲ ಓದಿದರು. ಅವರಿಗೆ ಅರ್ಥವಾಯಿತೆಂಬುದು ಶಿವಪುತ್ರನಿಗೆ ಗೊತ್ತಾಯಿತು. ಅವರ ದನಿ ಇಳಿಯಿತು.

“ಹತ್ತ ಮಂದಿ ಮುಂದ ಹೇಳೇನಿ ನಾ. ಈಗ ಏನ್ ಹೇಳ್ಲಿ? ಹುಡುಗಿ ಕದ್ದಿಲ್ಲ, ಡ್ರೈವ್ ಮಲ್ಕೊಂಡಿತ್ತು ಅಂತ ಹೇಳ್ಲೇನು? ನೀವ ಶಿಕ್ಕಾ ಹೊಡದ ಕೊಟ್ಟೀರಿ. ಅದು ಸುಳ್ಳಂತ ಇನ್ನೊಂದ ಶಿಕ್ಕಾ ಹೊಡೀರಿ, ನಾಳೆ ಈ ಓಣ್ಯಾಗ ನಿಮ್ಮನ್ನ ಯಾರ್ ಕರೀತಾರ ನೋಡೂಣು.”

ಶಿವಪುತ್ರ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಬ್ಯಾಗ್ ಎತ್ತಿಕೊಂಡ.

ತೇರದಾಳದಲ್ಲಿ ಬಸ್ಸಿಳಿದಾಗ ಬಿಸಿಲು ಇಳಿಯುತ್ತಿತ್ತು. ಸುಮನ ಕಟ್ಟೆಯ ಮೇಲೆ ಕುಳಿತು ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ: ಮೊದಲು ಕೇಬಲ್ ಎಂದುಕೊಂಡದ್ದು, ಇಪ್ಪತ್ತು ನಿಮಿಷದ ನಿದ್ದೆ, ಏಳದ ಫರ್ಮ್‌ವೇರ್. ಅವಳ ಬೆರಳು ನಿಲ್ಲಲಿಲ್ಲ.

“ಅಂದ್ರ ನಾ ಉಣ್ಣಾಕ ಹೋಗಿದ್ದಕ್ಕ ಅದು ಹೋಗತಿತ್ತು.”

“ಹೌದವ್ವ. ಒಂದ್ ರೀತಿ ಹಂಗ.”

“ಕೆಟ್ಟದ್ದ ಇದ್ದಾಗ ಸಾವುಕಾರಗ ಯಾಕ ತೋರಸ್ಲಿಲ್ಲ, ಶಿವಪುತ್ರಣ್ಣ?”

“ರೂಢಿ ತಂಗಿ. ದುರಸ್ತಿ ಮಾಡಿಬಿಟ್ಟೆ.”

“ಡ್ರೈವ್ ದುರಸ್ತಿ ಆತು,” ಎಂದಳು. ಒಳಗೆ ಹೋಗಿ ಹಾಳೆ, ಪೆನ್ನು ತಂದಳು. “ಬರೀರಿ. ಸುಮನ ಡ್ರೈವ್ ತಗದಿಲ್ಲ, ಡ್ರೈವಿನ್ಯಾಗ ದೋಷ ಇತ್ತು, ನಾ ಮೊದಲ ಬರದದ್ದು ತಪ್ಪು. ಇಷ್ಟ ಸಾಕು. ತೇರದಾಳದಾಗ ಒಬ್ಬರು ಹೊಸಾ ಜಕಾರ್ಡ್ ಹಾಕ್ಯಾರ. ಅವರಿಗೆ ತೋರಸ್ತೇನಿ.”

ಅವನು ಬರೆದ. ಅವಳು ಹೇಳಿದಂತೆಯೇ, ಒಂದು ಮಾತನ್ನೂ ಬಿಡದೆ ಬರೆದು ಸಹಿ ಮಾಡಿದ. ಅವಳು ಹಾಳೆಯ ಕೆಳಗಿನ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿದಳು.

“ಶಿಕ್ಕಾ?”

ಮನೆಯೊಳಗಿಂದ ತಾಯಿ ಕೂಗಿದಳು, ಹೊತ್ತು ಮುಳುಗುತ್ತದೆ, ಊಟಕ್ಕೆ ಬಾ ಎಂದು. ಸುಮನ ಏಳಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಶಿವಪುತ್ರನ ಕೈ ಬ್ಯಾಗಿನ ಮುಂದಿನ ಜೇಬಿನವರೆಗೆ ಹೋಯಿತು. ಹೋಗಿ ಅದರ ಮೇಲೆಯೇ ಕುಳಿತಿತು.

“ಅಂಗಡ್ಯಾಗ ಉಳದೈತಿ ತಂಗಿ. ಮುಂದಿನ ಸಲ ಬಂದಾಗ ಹೊಡದ ಕೊಡ್ತೇನಿ.”

ಅವಳು ಬ್ಯಾಗನ್ನು ನೋಡಿದಳು, ಅವನ ಕೈಯನ್ನು ನೋಡಿದಳು. ಹಾಳೆಯನ್ನು ಎರಡಾಗಿ ಮಡಚಿ ಅವನಿಗೇ ಮರಳಿಸಿದಳು.

“ಇರ್ಲಿರಿ,” ಎಂದು ಎದ್ದಳು. “ಹೊತ್ತಾತು. ನಾ ಉಣಬೇಕು.”