ಗೋಡೆಗೆ ಬೆವರು ಬರುವುದಿಲ್ಲ

ನನ್ನ ಗಂಡ ಅಮರೇಶ ಹಿಡಿದ ಮೊಲಕ್ಕೆ ಮೂರೇ ಕಾಲು. ಇಳಕಲ್ಲಿನ ನಮ್ಮ ಓಣಿಗೆಲ್ಲ ಗೊತ್ತಿರುವ ಮಾತಿದು, ನಾನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಈ ಬೇಸಿಗೆಯಲ್ಲಿ ಆ ಮೊಲದ ನಾಲ್ಕನೆಯ ಕಾಲು ತೋರಿಸಿಕೊಟ್ಟವರು ನೂಲಿಗೆ ಬಣ್ಣ ಅದ್ದುವ ಅಹ್ಮದಸಾಬ ಕಾಕಾ. ಅವರಿಗೆ ಎಷ್ಟು ಕೈಮುಗಿದರೂ ನನಗೆ ಕಡಿಮೆಯೇ ಅನ್ನಿಸುತ್ತದೆ.

ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಒಂದು ಕುಣಿಮಗ್ಗ ಇದೆ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಅದರ ಮೇಲೆ ಕೂಡುವವರು ನನ್ನ ಅತ್ತೆ ಗುರುಲಿಂಗವ್ವ. ಸೀರೆಯ ಮೈಯ ಉದ್ದೆಳೆಗಳಿಗೆ, ಅಂದರೆ ಹಾಸಿಗೆ, ಸೆರಗಿನ ರೇಷ್ಮೆ ಹಾಸು ಕೂಡಿಸಲು ಎಳೆಗೆ ಎಳೆ ಕೊಂಡಿ ಹಾಕಬೇಕು. ಅತ್ತೆ ಹಾಕಿದ ಕೊಂಡಿಯನ್ನು ಬೆರಳಾಡಿಸಿ ಹುಡುಕಿದರೂ ಸಿಗುವುದಿಲ್ಲ. ಆ ಕೆಲಸ ನಾನೂ ಕಲಿತಿದ್ದೇನೆ, ಆದರೆ ನನ್ನದು ಹುಡುಕದೆಯೇ ಸಿಗುತ್ತದೆ.

ಮಗ್ಗದ ಖೋಲಿಗೆ ಗಾಳಿ ಆಗಿಬರುವುದಿಲ್ಲ. ಗಾಳಿಯಾಡಿದರೆ ರೇಷ್ಮೆ ಒಣಗಿ ಪಟಪಟನೆ ಕಡಿಯುತ್ತದೆ. ಅದಕ್ಕೇ ನಾವು ಕಿಟಕಿ ಮುಚ್ಚಿ, ಹಾಸಿನ ಕೆಳಗೆ ಒದ್ದೆ ಗೋಣಿಚೀಲ ಹಾಸಿಟ್ಟು, ಖೋಲಿಯನ್ನು ತೇವವಾಗಿ ಇಡುತ್ತೇವೆ. ಎಳೆಗೆ ಅದು ಹಿತ. ಮನುಷ್ಯರಿಗೆ ಹೇಗೆ ಎಂದು ಯಾರೂ ಕೇಳಿದವರಿಲ್ಲ. ಆದರೂ ಮಗ್ಗದ ಮೇಲೆ ಒಂದು ಹಳೆಯ ಫ್ಯಾನು ತೂಗುತ್ತಿತ್ತು, ಅತ್ತೆ ತಡೆಯಲಾರದಾಗ ಅದನ್ನು ಸಣ್ಣಗೆ ತಿರುಗಿಸಿಕೊಳ್ಳುತ್ತಿದ್ದರು. ತಿರುಗಿಸಿದ ದಿನ ನಾಲ್ಕು ಎಳೆ ಹೆಚ್ಚು ಕಡಿಯುತ್ತಿದ್ದವು, ತಾಯಿ ಮಗನ ನಡುವೆ ನಾಲ್ಕು ಮಾತು ಹೆಚ್ಚು ನಡೆಯುತ್ತಿದ್ದವು.

ಈ ಸಲ ನಮ್ಮ ಮನೆಯವರು ಮಾತು ಬಿಟ್ಟು ಸಾಕ್ಷಿ ತಂದರು. ಅಹ್ಮದಸಾಬ ಕಾಕಾನ ಹತ್ತಿರ ಹೋಗಿ, ಅವರು ಬಣ್ಣದ ಹಂಡೆಯ ಕಾವು ನೋಡುವ ಉದ್ದನೆಯ ಗಾಜಿನ ಥರ್ಮಾಮೀಟರನ್ನು ಕೇಳಿ ತಂದು, ಮಗ್ಗದ ಖೋಲಿಯ ಗೋಡೆಗೆ ಕಟ್ಟಿದರು. ಫ್ಯಾನು ಬಂದ್ ಮಾಡಿ ನೋಡಿದರು, ಮೂವತ್ತೇಳು. ಹಚ್ಚಿ ಬಹಳ ಹೊತ್ತು ಕಾದು ನೋಡಿದರು, ಅದೇ ಮೂವತ್ತೇಳು.

"ನೋಡು ಯವ್ವಾ, ನಿನ್ನ ಕಣ್ಣಾರೆ ನೋಡು. ಫ್ಯಾನ್ ಹಚ್ಚಿದ್ರೂ ಅಷ್ಟ, ಬಿಟ್ರೂ ಅಷ್ಟ. ಖೋಲಿ ಒಂದು ಕೂದಲಷ್ಟೂ ತಂಪಾಗಿಲ್ಲ. ಇದು ತಂಪು ಮಾಡೂದಿಲ್ಲ, ಬರೇ ನೂಲು ಕಡೀತೈತಿ."

"ಗಾಳಿ ಬಡದ್ರ ನನಗ ಹಾಯ್ ಅನಸ್ತೈತೋ ತಮ್ಮಾ" ಎಂದರು ಅತ್ತೆ.

"ಅದು ಮನಸಿಂದು ಯವ್ವಾ. ಗಾಜು ಸುಳ್ಳು ಹೇಳ್ತೈತೇನು?"

ಗಾಜು ಸುಳ್ಳು ಹೇಳುವುದಿಲ್ಲವೆಂದು ಅತ್ತೆಯೂ ಒಪ್ಪಿದರು, ನಾನೂ ಒಪ್ಪಿದೆ. ಸಂಜೆಯೊಳಗೆ ಫ್ಯಾನು ಕೆಳಗಿಳಿಯಿತು. ಎಳೆ ಕಡಿಯುವುದು ಖರೆಯಾಗಿಯೂ ಕಡಿಮೆಯಾಯಿತು, ಇವರು ಮೀಸೆಯಡಿಯಲ್ಲಿ ನಗುತ್ತ ಓಡಾಡಿದರು.

ಆಮೇಲೆ ಅತ್ತೆ ಸೊರಗತೊಡಗಿದರು. ಕುಣಿಯಿಂದ ಏಳುವಾಗ ಕುಪ್ಪಸ ಹಿಂಡಿದರೆ ನೀರು ಬರುವಷ್ಟು ತೊಯ್ದಿರುತ್ತಿತ್ತು. ಗದ್ದದಿಂದ ಬೆವರು ಹನಿದು ಸೀರೆಯ ಮೇಲೆ ಬೀಳಬಾರದೆಂದು ಕೊರಳಿಗೆ ಅರಿವೆ ಸುತ್ತಿಕೊಂಡಿದ್ದರು. ಒಂದು ಮಧ್ಯಾಹ್ನ ಲಾಳಿಯ ಸಪ್ಪಳ ನಿಂತಿತೆಂದು ಓಡಿ ಹೋದೆ. ಮಗ್ಗದ ಕಂಬಕ್ಕೆ ಹಣೆ ಹಚ್ಚಿ ಕೂತಿದ್ದರು. ಅನಾಮತ್ತಾಗಿ ಎತ್ತಿ ಪಡಸಾಲೆಗೆ ತಂದು, ಉಪ್ಪು ಸಕ್ಕರೆ ಹಾಕಿದ ಲಿಂಬೆ ನೀರು ಕುಡಿಸಿದೆ. ದವಾಖಾನೆಗೆ ಹೋಗೋಣವೆಂದರೆ ಕೇಳಲಿಲ್ಲ.

"ದವಾಖಾನಿಯವ್ರು ವಯಸ್ಸಿಗೆ ಔಷಧ ಕೊಡ್ತಾರೇನು?" ಎಂದರು. ನನ್ನ ಕೈ ಹಿಡಿದುಕೊಂಡರು. "ಮಹೇಶ್ವರಿ, ಅಮರೇಶಗ ಹೇಳಬ್ಯಾಡ. ಖೋಲಿ ಮೊದಲಿನಂಗ ಐತಿ, ಗಾಜಿನ್ಯಾಗ ನೀನೂ ನೋಡೀದಿ. ಕೆಟ್ಟಿದ್ದು ನನ್ನ ಮೈ. ಈ ಸೀರಿ ನೇದು ಮಗ್ಗದಿಂದ ಇಳಿಸಿದ ಮ್ಯಾಲ ನಾ ಮಗ್ಗಕ್ಕ ಕುಂದ್ರಂಗಿಲ್ಲ. ಕುಣಿ ಮುಚ್ಚಿಸಿಬಿಡ್ರಿ."

ಹದಿಮೂರನೆಯ ವಯಸ್ಸಿನಿಂದ ಆ ಕುಣಿಯಲ್ಲಿ ಕಾಲು ಇಳಿಬಿಟ್ಟ ಹೆಂಗಸು. ಗಂಡ ತೀರಿಕೊಂಡಾಗಲೂ ದಿನಕರ್ಮ ಮುಗಿಸಿ ಮಗ್ಗಕ್ಕೆ ಬಂದು ಕೂತು ಗಟ್ಟಿಯಾದವರು. ಅವರ ಬಾಯಿಂದ ಬಂದ ಮಾತಿದು. ಆ ಸೀರೆಯಲ್ಲಿ ನೇಯಲು ಉಳಿದದ್ದು ಸೆರಗು ಮಾತ್ರ.

ಎರಡು ದಿನ ಬಿಟ್ಟು ಅಹ್ಮದಸಾಬ ಕಾಕಾ ಥರ್ಮಾಮೀಟರು ಒಯ್ಯಲು ಬಂದರು. ಹುನಗುಂದದ ಗಿರಾಕಿಯೊಬ್ಬನಿಗೆ ದಾಳಿಂಬೆ ಬಣ್ಣ ಅದ್ದಬೇಕಾಗಿತ್ತಂತೆ, ಗಾಜಿಲ್ಲದೆ ಕಾವು ತಿಳಿಯದೆಂದು ಅವಸರದಲ್ಲಿದ್ದರು. ನನ್ನ ಗಂಡ ಮಗ್ಗದ ಖೋಲಿಯ ಬಾಗಿಲಲ್ಲೇ ನಿಂತು ತಮ್ಮ ಪರೀಕ್ಷೆಯ ಕಥೆಯನ್ನು ಸುರುಮಾಡಿದರು. ಒಳಗೆ ಅತ್ತೆ ನೇಯುತ್ತಲೇ ಇದ್ದರು. ಕಾಕಾ ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದರು.

"ಖರೆ ಐತಿ. ಫ್ಯಾನಿಗೆ ಗಾಳಿ ತಂಪು ಮಾಡಾಕ ಬರಂಗಿಲ್ಲ, ಬರೇ ದಬ್ಬತೈತಿ. ಆದ್ರ ಅಮರೇಶಾ, ಗಾಜು ಒಣಾ ಇತ್ತಿಲ್ಲೋ ನೋಡಾಗ? ನಮ್ಮ ಕಾರಖಾನ್ಯಾಗ ಹಂಡೇದಾಗಿಂದ ತಗದ ಗಾಜು ಒರಸಲಾರದ ಗಾಳಿಗೆ ಹಿಡದ್ರ ಖೋಲಿಕಿಂತ ಭಾಳ ಕೆಳಗ ತೋರಸ್ತೈತಿ. ಒದ್ದಿ ಗಾಜಿನ ಮಾತು ನಂಬಬ್ಯಾಡ."

"ಒಣಾನ ಇತ್ತು ಕಾಕಾ, ನಾನ ಒರಸಿ ಕಟ್ಟೀನಿ" ಎಂದರು ಇವರು ಹೆಮ್ಮೆಯಿಂದ.

ನನ್ನ ಕಣ್ಣು ಅತ್ತೆಯ ಬೆನ್ನಿನ ಮೇಲಿತ್ತು. ಕುಪ್ಪಸ ತೊಯ್ದು ಮೈಗೆ ಅಂಟಿಕೊಂಡಿತ್ತು.

"ಒದ್ದಿ ಗಾಜು ಯಾಕ ಕೆಳಗ ತೋರಸ್ತೈತಿ ಕಾಕಾ?" ಎಂದು ಕೇಳಿದೆ.

"ನೀರು ಆರಬೇಕಂದ್ರ ಅದಕ್ಕ ಕಾವು ಬೇಕವ್ವಾ. ಎಲ್ಲಿಂದ ತರ್ತೈತಿ? ತಾ ಕುಂತ ಜಾಗಾದಿಂದನ ಹೀರಿಕೊಂಡು ಹೋಗ್ತೈತಿ. ಅದಕ್ಕ ಗಾಜು ತಂಪಾಗತೈತಿ."

"ಹಂಗಾದ್ರ ಅತ್ತಿ ಒಣಾ ಅದಾರೇನು?"

ಇಬ್ಬರೂ ನನ್ನನ್ನು ನೋಡಿದರು. ನನಗೆ ಸಿಟ್ಟು ಬಂದರೆ ಮಾತು ತಾನೇ ದಾರಿ ಮಾಡಿಕೊಳ್ಳುತ್ತದೆ. "ಒಣಾ ಗಾಜಿನ ಸಾಕ್ಷಿ ತಗೊಂಡು ಒದ್ದಿ ಮನಷ್ಯಾರಿಗೆ ತೀರ್ಪು ಕೊಟ್ರಿ ನೀವು. ಗೋಡಿಗೆ ಬೆವರು ಬರತೈತೇನ್ರಿ?"

ಕಾಕಾನ ಅವಸರವೆಲ್ಲ ಎಲ್ಲಿ ಹೋಯಿತೋ, ಅವರು ನೆಲದ ಮೇಲೆ ಕೂತೇಬಿಟ್ಟರು. "ಒಂದು ಅರಿವಿ ಚೂರು ತೊಯಿಸಿಕೊಂಡು ಬಾರವ್ವಾ" ಎಂದರು.

ಹತ್ತಿಯ ಚೂರನ್ನು ಬಿಂದಿಗೆಯ ನೀರಿನಲ್ಲಿ ಅದ್ದಿ ತಂದೆ. ಹಂಗೇ ಸುತ್ತಿದರೆ ನೀರಿನದೇ ತಂಪು ತೋರಿಸುತ್ತದೆಂದು ಕಾಕಾ ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಗಾಜಿನ ಬುಡಕ್ಕೆ ಸುತ್ತಿದರು. ಮುಚ್ಚಿದ ಖೋಲಿಯ ನಿಂತ ಗಾಳಿಯಲ್ಲಿ ಅಂಕಿ ಸ್ವಲ್ಪ ಇಳಿದು, ಅಲ್ಲೇ ಹಟ ಹಿಡಿದು ಕೂತಿತು. ಆಗ ಪಡಸಾಲೆಯ ಟೇಬಲ್ ಫ್ಯಾನು ತಂದು ಎದುರಿಗಿಟ್ಟು ಬಟನ್ ಒತ್ತಿದೆ. ಗೆರೆ ನಮ್ಮ ಕಣ್ಣೆದುರೇ ಕೆಳಗೆ ಸರಿಯತೊಡಗಿತು. ಮೂವತ್ತು ದಾಟಿ ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಅರಿವೆ ಬಿಚ್ಚಿ, ಗಾಜು ಒರೆಸಿ, ಅದೇ ಗಾಳಿಗೆ ಹಿಡಿದರೆ ಮತ್ತೆ ಮೆಲ್ಲಗೆ ಹತ್ತಿ ಮೂವತ್ತೇಳು.

"ಅದ ಖೋಲಿ, ಅದ ಗಾಳಿ" ಎಂದರು ಇವರು, ತಮಗೆ ತಾವೇ ಎಂಬಂತೆ.

"ಗಾಳಿ ನಿಂತಿದ್ರ ಮೈಯಿಂದ ಎದ್ದ ತೇವ ಮೈ ಸುತ್ತನ ಕಂಬಳಿ ಹೊದ್ದಂಗ ನಿಂದರತೈತಿ" ಎಂದರು ಕಾಕಾ. "ಅದರಾಗ ಹೊಸ ಬೆವರು ಆರಾಕ ಜಾಗಾ ಇಲ್ಲ, ಸುಮ್ಮ ಹರದು ನೆಲಕ್ಕ ಬೀಳತೈತಿ. ಹರದ ಬೆವರು ಕಾವು ಒಯ್ಯಂಗಿಲ್ಲ, ಆರಿದ ಬೆವರು ಒಯ್ಯತೈತಿ. ಫ್ಯಾನು ಆ ಕಂಬಳಿ ಎಳದು ಒಗೀತೈತಿ, ಅಷ್ಟ ಅದರ ಕೆಲಸ. ಮ್ಯಾಲ ನಿಮ್ಮ ಒದ್ದಿ ಗೋಣಿಚೀಲ ಬ್ಯಾರೆ. ಇಷ್ಟು ತೇವದಾಗ ಬೆವರು ತಾನಾಗೇ ಹೆಂಗ ಆರೀತು?"

ಲಾಳಿ ಯಾವಾಗ ನಿಂತಿತೋ ನಾವು ಗಮನಿಸಿರಲಿಲ್ಲ. ಅತ್ತೆ ಮಗ್ಗದಿಂದಲೇ ಕುತ್ತಿಗೆ ಹೊರಳಿಸಿ ಎಲ್ಲ ನೋಡುತ್ತಿದ್ದರು.

"ಹಂಗಾದ್ರ ನನ್ನ ಮೈ ಕೆಟ್ಟಿಲ್ಲೇನು ಅಹ್ಮದಸಾಬ?"

"ನಿನ್ನ ಮೈ ತನ್ನ ಕೆಲಸ ಬರೋಬ್ಬರಿ ಮಾಡಾಕತ್ತೈತಿ ಅಕ್ಕಾ. ಬೆವರು ಹರಸಾಕತ್ತೈತಿ. ಗಾಳೀನ ನಾವು ಕಸಗೊಂಡೇವಿ."

ಅತ್ತೆ ಅಳುವವರಲ್ಲ. ಅಂದು ಅತ್ತರು. ತಮಗೆ ಆದದ್ದನ್ನು, ಕಂಬಕ್ಕೆ ಹಣೆ ಹಚ್ಚಿದ್ದನ್ನು, ಕುಣಿ ಮುಚ್ಚಿಸಬೇಕೆಂದುಕೊಂಡದ್ದನ್ನು ಎಲ್ಲ ಮಗನೆದುರು ಹೇಳಿಬಿಟ್ಟರು. "ಗಾಜು ಖರೆ ಹೇಳ್ತೈತಿ ಅಂದಿ, ನನಗ ಅನ್ನಿಸಿದ್ದ ಸುಳ್ಳು ಅಂತ ನಂಬಿದ್ನೋ ತಮ್ಮಾ."

ಇವರು ಕುಣಿಯ ಅಂಚಿಗೆ ಹೋಗಿ ಕೂತು ತಾಯಿಯ ಪಾದ ಹಿಡಿದರು. "ತಪ್ಪಾತು ಯವ್ವಾ" ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಇನ್ನೊಂದು ದಿನವಾಗಿದ್ದರೆ ಕಾಲೆಳೆಯುತ್ತಿದ್ದೆ, ಅಂದು ಅತ್ತೆಗೆ ನೀರು ತಂದುಕೊಟ್ಟೆ.

ಇನ್ನು ನೂಲಿನ ಮಾತು ಉಳಿದಿತ್ತು, ಏಕೆಂದರೆ ಇವರು ಹೇಳಿದ್ದರಲ್ಲಿ ಅದೊಂದು ಸುಳ್ಳಾಗಿರಲಿಲ್ಲ. ಗಾಳಿ ಬೆವರನ್ನು ಆರಿಸುವ ಹಾಗೆಯೇ ಎಳೆಯ ತೇವವನ್ನೂ ಆರಿಸುತ್ತದೆ. ಮೇಲಿನ ಫ್ಯಾನು ಮನುಷ್ಯರನ್ನೂ ಹಾಸನ್ನೂ ಒಂದೇ ಸಮ ಬಡಿಯುತ್ತಿತ್ತು. ಟೇಬಲ್ ಫ್ಯಾನನ್ನು ಅತ್ತೆಯ ಹಿಂದೆ ಓರೆಯಾಗಿ, ಗಾಳಿ ಬೆನ್ನಿಗೂ ಕುತ್ತಿಗೆಗೂ ತಾಗಿ ಆಚೆ ಹೋಗುವಂತೆ ಇಟ್ಟೆವು. ಆ ತೇವದ ಗಾಳಿ ಹೊರಗೆ ಹೋಗಲೆಂದು ಅವರ ಹಿಂದಿನ ಬಾಗಿಲನ್ನು ತೆರೆದೆವು. ಗೋಣಿಚೀಲಗಳು ಹಾಸಿನ ಕೆಳಗೇ ಉಳಿದವು. ಹಾಸಿನ ಮೇಲೆ ಒಂದು ಸಣ್ಣ ಅರಿವೆಯ ಎಳೆ ಇಟ್ಟು, ಅದು ಅಲುಗಾಡದ ಜಾಗ ಸಿಗುವವರೆಗೆ ಇವರು ಫ್ಯಾನನ್ನು ಅತ್ತ ಇತ್ತ ಸರಿಸಿದರು. ಇವರ ಹಟ ಕೆಲಸಕ್ಕೆ ಬಂದದ್ದು ಆಗ.

"ಇನ್ನೂ ಸುಡು ಬಿಸಲು ಬಂದಾಗ ಬರೇ ಫ್ಯಾನ್ ನಂಬಬ್ಯಾಡ್ರಿ" ಎಂದರು ಕಾಕಾ. "ಮೈ ಒಣಾ ಇದ್ರ ಅದು ಝಳಾನ ತಂದು ಮೈಗೆ ಬಡೀತೈತಿ. ಅಕ್ಕಗ ನೀರು ಕುಡಸ್ರಿ, ಬೆನ್ನಿಗೆ ಒದ್ದಿ ಅರಿವಿ ಹಾಕ್ರಿ, ಮಧ್ಯಾಹ್ನ ಎಬ್ಬಿಸಿ ಮಲಗಸ್ರಿ."

ಅತ್ತೆ ಗಾಳಿಗೆ ಬೆನ್ನುಕೊಟ್ಟು ಕಣ್ಣು ಮುಚ್ಚಿದರು. ತೊಯ್ದ ಕುಪ್ಪಸ ಆರತೊಡಗಿದಂತೆ ಅವರ ಹೆಗಲು ಸಡಿಲಾಗುವುದು ನನಗೆ ಕಾಣುತ್ತಿತ್ತು. "ಹಾಯ್" ಎಂದರು, ಸಣ್ಣ ಕೂಸಿನ ಹಾಗೆ. ಕಾಕಾ ಆ ದಿನ ಬರದೇ ಹೋಗಿದ್ದರೆ ಏನಾಗುತ್ತಿತ್ತೆಂದು ಈಗಲೂ ನೆನೆಸಿಕೊಳ್ಳಲು ನನಗೆ ಧೈರ್ಯವಿಲ್ಲ. ದೇವರು ಕೆಲವು ಸಲ ಬಣ್ಣ ಹತ್ತಿದ ಕೈಗಳಿಂದಲೇ ಬರುತ್ತಾನೆ ಎಂದು ಅವರಿಗೆ ಹೇಳಿದೆ. "ಸಾಕು ಬಿಡವ್ವಾ, ಚಾ ಮಾಡು" ಎಂದರು.

ಚಹಾ ತರುವಷ್ಟರಲ್ಲಿ ಲಾಳಿ ಓಡತೊಡಗಿತ್ತು. ಅತ್ತೆ ತಿರುಗಿ ನೋಡದೆ, ಕೈ ನಿಲ್ಲಿಸದೆ, ಮಗನನ್ನು ಕೂಗಿದರು.

"ಅಮರೇಶಾ, ಈ ಸೀರಿ ನಾಳಿ ಇಳೀತೈತಿ. ಮುಂದಿನ ಹಾಸು ಯಾವ ಬಣ್ಣದ್ದು ತರ್ತೀ?"

ಇವರು ಕಾಕಾನ ಕಡೆ ನೋಡಿದರು. ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ ಅಹ್ಮದಸಾಬ ಕಾಕಾನೇ ಹೇಳಿದರು.

"ನೀ ಹೇಳಕ್ಕಾ, ನೀ ಹೇಳಿದ ಬಣ್ಣ ಅದ್ದತೇನಿ."