ತೊಳೆಯದೆ ಕತ್ತರಿಸಿದ ಬಟ್ಟೆ

ಆಸ್ಪತ್ರೆಯಿಂದ ಮರಳಿ ಬಂದ ಸಮವಸ್ತ್ರವನ್ನು ಸೊಸೆ ಹೊಲಿಗೆ ಮೇಜಿನ ಮೇಲೆ ಹರಡಿದಳು. ನೀಲಿ ಅಂಗಿಯ ಬಿಳಿ ಕಾಲರ್ ಒಂದೇ ಒಗೆತಕ್ಕೆ ನೀಲಿಯಾಗಿತ್ತು.

"ಶಾಯಿ ಕುಡಿದ ಹಾಗಿದೆ," ಎಂದ ಕಟಿಂಗ್ ಮಾಸ್ಟರ್.

"ನಗಬೇಡಿ ಮಾಸ್ಟ್ರೇ. ಹತ್ತು ದಿನದಲ್ಲಿ ಬಣ್ಣ ಬಿಡದ ಅರವತ್ತು ಜೊತೆ ಹೊಲಿದು ಕೊಡದಿದ್ರೆ ಬೇರೆಯವರಿಗೆ ಕೊಡ್ತಾರಂತೆ."

ಆ ಆಸ್ಪತ್ರೆಯ ಕೆಲಸವೇ ನಮ್ಮ ಐದು ಯಂತ್ರಗಳನ್ನು ನಡೆಸುತ್ತಿತ್ತು. ನಾನು ಎದ್ದು ಕಿಟಕಿಯವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಗೋಡೆಗೆ ಒರಗಿ ಅದೇ ನೀಲಿ ಬಟ್ಟೆಯ ಐದು ಥಾನು ನಿಂತಿದ್ದವು. ಬಂದ ಎಂಟರಲ್ಲಿ ಮೂರನ್ನು ಆಗಲೇ ಕತ್ತರಿಸಿದ್ದೆವು.

ನನ್ನ ಹೆಂಡತಿ ಇದ್ದಾಗ ಹೀಗಾಗುತ್ತಿರಲಿಲ್ಲ. ಹೊಸ ಬಟ್ಟೆ ಬಂದ ಕೂಡಲೇ ಒಂದು ಗೇಣು ಕತ್ತರಿಸಿ, ಬಿಳಿ ತುಂಡಿನ ಜೊತೆ ಬಿಸಿನೀರಿನಲ್ಲಿ ಒಗೆದು, ಒಣಗಿದ ಮೇಲೆಯೇ ಮಾಸ್ಟರ್ ಕೈಗೆ ಕತ್ತರಿ ಕೊಡುತ್ತಿದ್ದಳು. ಅವಳು ತೀರಿಕೊಂಡು ಎರಡು ತಿಂಗಳಾಗಿತ್ತು. ಈ ಥಾನುಗಳು ಬಂದ ದಿನ ಆ ಗೇಣು ಬಟ್ಟೆ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಸೊಸೆ ಬಟ್ಟೆ ಕಳಿಸಿದ ಗಿರಣಿಯವರಿಗೆ ಇಮೇಲ್ ಬರೆಯಲು ಕುಳಿತಳು. ಆರ್ಡರ್ ಸಂಖ್ಯೆ, ಬಟ್ಟೆ ತಲುಪಿದ ದಿನ, ಥಾನಿನ ಚೀಟಿಯಲ್ಲಿದ್ದ ಲಾಟ್ ಸಂಖ್ಯೆ, ಬಣ್ಣ ಬಿಟ್ಟ ಕಾಲರಿನ ಫೋಟೋ, ಚೀಟಿಯ ಫೋಟೋ. "ಎಂಟೂ ಥಾನು ಬದಲಿಸಿ ಕೊಡಿ, ಆಗದಿದ್ದರೆ ಹಣ ಹಿಂದಿರುಗಿಸಿ. ಶುಕ್ರವಾರದೊಳಗೆ ಉತ್ತರ ಬೇಕು." ಅಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ, "ಕತ್ತರಿಸುವ ಮೊದಲು ತೊಳೆದು ನೋಡಿದ್ದೆವು" ಎಂದು ಸೇರಿಸಿದಳು.

"ಅದನ್ನ ತೆಗಿಯಮ್ಮ."

"ಮಾವ, ಬಿಲ್ಲಿನ ಹಿಂದೆ ಓದಿ. ತೊಳೆದು ನೋಡದೆ ಕತ್ತರಿಸಿದ್ರೆ ವಾಪಸ್ ತಗೊಳಲ್ಲ ಅಂತಿದೆ."

"ನೋಡಿಲ್ಲವಲ್ಲ ನಾವು."

"ಅವರಿಗೇನು ಗೊತ್ತಾಗುತ್ತೆ? ದೇವರಿಗೂ ಒಂದು ಪ್ರತಿ ಕಳಿಸ್ತೀವಾ?"

"ಅವನಿಗೆ ಕಳಿಸೋದೇ ಬೇಡ. ನೀನು ಟೈಪ್ ಮಾಡೋವಾಗ್ಲೇ ಓದ್ತಾನೆ."

ಅವಳು ಮುಖ ಊದಿಸಿಕೊಂಡೇ ಸಾಲನ್ನು ಅಳಿಸಿದಳು.

ಉತ್ತರ ಮಾರನೆಯ ದಿನವೇ ಬಂತು. ನಾವು ಆಸ್ಪತ್ರೆಯ ಒಗೆತವನ್ನು ಪರಿಶೀಲಿಸಬೇಕಂತೆ. ಬಿಸಿನೀರು, ಬಿಳುಪಿನ ಪುಡಿ ಹೆಚ್ಚಾದರೆ ಯಾವ ಬಣ್ಣವೂ ನಿಲ್ಲುವುದಿಲ್ಲವಂತೆ. ಬಟ್ಟೆಯಲ್ಲಿ ದೋಷವಿದೆ ಎಂಬುದಕ್ಕೆ ಆಧಾರ ಬೇಕಂತೆ.

"ಆಯ್ತಲ್ಲ ಮಾವ, ಸತ್ಯಕ್ಕೆ ಬಹುಮಾನ," ಎಂದಳು ಸೊಸೆ.

ಊಟ ಸೇರಲಿಲ್ಲ. ಜಪಕ್ಕೆ ಕುಳಿತರೂ ಬೆರಳು ಮಣಿಯ ಮೇಲೆ ಓಡಿತು, ಮನಸ್ಸು ಥಾನುಗಳ ಸುತ್ತ ಸುತ್ತಿತು. ಅರ್ಧಕ್ಕೇ ಎದ್ದು, ಹೆಂಡತಿ ತೀರಿಕೊಂಡ ಮೇಲೆ ನಾನು ತೆರೆಯದಿದ್ದ ಮೇಜಿನ ಖಾನೆಯನ್ನು ಎಳೆದೆ. ಗುಂಡಿ, ಸೀಮೆಸುಣ್ಣ, ಸೂಜಿ ಚುಚ್ಚದಂತೆ ಅವಳು ಬೆರಳಿಗೆ ಹಾಕುತ್ತಿದ್ದ ತಗಡು ಟೋಪಿ. ಅಡಿಯಲ್ಲಿ ದಪ್ಪ ಪುಸ್ತಕ. ಪುಟಕ್ಕೊಂದು ಒಗೆದ ಬಟ್ಟೆಯ ತುಂಡು, ಅದರ ಜೊತೆ ಬಿಳಿ ತುಂಡು, ಮಗ್ಗುಲಲ್ಲಿ ಲಾಟ್ ಸಂಖ್ಯೆ, ತಾರೀಖು. ಇದೇ ಗಿರಣಿಯ ಇದೇ ನೀಲಿ, ಮೂರು ವರ್ಷದ ಒಂಬತ್ತು ಲಾಟು. ಒಂಬತ್ತರಲ್ಲೂ ಬಿಳಿ ಬಿಳಿಯಾಗಿಯೇ ಇತ್ತು.

ಬೆಳಿಗ್ಗೆ ಕತ್ತರಿಸದ ಥಾನಿನಿಂದ ಒಂದು ಗೇಣು ತೆಗೆದು ನಾನೇ ಅವಳ ಹಾಗೆ ಒಗೆದೆ. ನೀರೂ ನೀಲಿಯಾಯಿತು, ಬಿಳಿಯೂ ನೀಲಿಯಾಯಿತು. ಎರಡನೆಯ ಇಮೇಲಿಗೆ ಸೊಸೆ ಒಂಬತ್ತು ಪುಟಗಳ ಫೋಟೋ, ಈ ಹೊಸ ತುಂಡಿನ ಫೋಟೋ ಸೇರಿಸಿದಳು. "ಒಗೆದ ಕ್ರಮ ಒಂದೇ. ಬದಲಾಗಿದ್ದು ನಿಮ್ಮ ಬಟ್ಟೆ. ಕತ್ತರಿಸುವ ಮೊದಲು ತೊಳೆಯದಿದ್ದುದು ನಮ್ಮ ತಪ್ಪು" ಎಂದು ಅವಳಾಗಿಯೇ ಬರೆದಳು.

ಪರೀಕ್ಷೆಗೆ ಹೊಸ ಬಟ್ಟೆಯ ಜೊತೆ ಹಳೆಯ ತುಂಡನ್ನೂ ಕೊರಿಯರ್ ಮಾಡಿ ಎಂದರು ಗಿರಣಿಯವರು.

"ಕೊನೇ ಪುಟದ್ದು ಕೊಡೋದಾ ಮಾವ?" ಸೊಸೆಯ ದನಿ ತಗ್ಗಿತ್ತು. ಅದರ ಮೇಲೆ ನನ್ನ ಹೆಂಡತಿ ಹಾಕಿದ್ದ ಕೈಹೊಲಿಗೆಯ ಟಾಕಿ ಹಾಗೇ ಇತ್ತು.

"ಅರ್ಧ ಕೊಡೋಣ."

ನಾನು ಕತ್ತರಿ ತೆರೆದೆ, ಮುಚ್ಚಿದೆ. ಮಾಸ್ಟರ್ ಅದನ್ನು ತೆಗೆದುಕೊಂಡು, ಟಾಕಿ ಇದ್ದ ಅರ್ಧವನ್ನು ಪುಟದಲ್ಲೇ ಉಳಿಸಿ ನೇರವಾಗಿ ಕತ್ತರಿಸಿದ.

ನಾಲ್ಕು ದಿನ ಬಾಗಿಲಲ್ಲಿ ಸದ್ದಾದಾಗಲೆಲ್ಲ ಎದ್ದೆ. ಐದನೆಯ ದಿನ ಉತ್ತರ ಬಂತು: ಆ ಲಾಟಿನಲ್ಲಿ ಬಣ್ಣ ಸರಿಯಾಗಿ ಹಿಡಿದಿಲ್ಲ. ಕತ್ತರಿಸದ ಐದು ಥಾನಿಗೆ ಬದಲಿ ಥಾನು ಇಂದೇ ಹೊರಡುತ್ತವೆ. ಕತ್ತರಿಸಿದ ಮೂರಕ್ಕೆ ಅರ್ಧ ಬೆಲೆ ಮಾತ್ರ.

"ಅರ್ಧಾನಾ?" ಎಂದ ಮಾಸ್ಟರ್.

"ಉಳಿದರ್ಧ ನಮ್ಮ ತಪ್ಪಿನದು," ಎಂದೆ.

"ಐದು ಥಾನಲ್ಲಿ ಅರವತ್ತು ಜೊತೆ ಆಗ್ತಾವಾ ಮಾಸ್ಟ್ರೇ?" ಸೊಸೆ ಕೇಳಿದಳು.

"ಅಳತೆಗಳನ್ನ ಒತ್ತೊತ್ತಾಗಿ ಹಾಸಿದ್ರೆ ಆದಾವು. ಆದ್ರೆ ಮೂರೇ ದಿನ ಉಳಿದಿರೋದು. ಬಂದ ತಕ್ಷಣ ಕತ್ತರಿ ಹಾಕ್ಬೇಕು."

ಥಾನುಗಳು ಮಾರನೆಯ ಬೆಳಿಗ್ಗೆ ಬಂದವು. ಮಾಸ್ಟರ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಲು ಹೊರಟ.

"ಮಾಸ್ಟ್ರೇ, ತಡೀರಿ," ಎಂದಳು ಸೊಸೆ. ಒಂದು ಗೇಣು ಕತ್ತರಿಸಿ ನನ್ನ ಕೈಗಿಟ್ಟು ಬಿಸಿನೀರು ತರಲು ಹೋದಳು.

ಒಗೆದ ತುಂಡು ಕಿಟಕಿಯ ಸರಳಿಗೆ ನೇತಾಡಿತು. ಮೂವರೂ ಅದನ್ನೇ ನೋಡುತ್ತ ಕುಳಿತೆವು. ಮಾಸ್ಟರ್ ಎರಡು ಸಲ ಎದ್ದು ಮುಟ್ಟಿ ನೋಡಿದ.

"ಇನ್ನೂ ಹಸಿ," ಎಂದ.

"ಒಣಗಲಿ," ಎಂದೆ. ಪುಸ್ತಕದಲ್ಲಿ ಕೆಟ್ಟ ಲಾಟಿನ ತುಂಡನ್ನೂ ಅದರ ಜಾಗದಲ್ಲಿ ಹೊಲಿದು, ಮುಂದಿನ ಪುಟದಲ್ಲಿ ತಾರೀಖು ಬರೆದು ಕಾದೆ.