ಒಂದನೇ ತಾರೀಖಿನ ಪಗಾರ

ಒಂದನೇ ತಾರೀಖು ಹತ್ತಿರ ಬಂದಂತೆಲ್ಲ ಅಪೇಕ್ಷಾಳಿಗೆ ತನ್ನನ್ನು ಕಂಡರೆ ತನಗೇ ಹೆದರಿಕೆ. ಅಮ್ಮನ ಖಾತೆಗೆ ಇಪ್ಪತ್ತೆಂಟು ಸಾವಿರ ಹಾಕುವವಳು ಅವಳೇ, ಬಂತೆಂದು ಅಮ್ಮ ಹಿಗ್ಗುವಾಗ ತಲೆ ತಗ್ಗಿಸಿ ಕೂರುವವಳೂ ಅವಳೇ. ಮನೆಯಲ್ಲಿ ಅದಕ್ಕೆ ಪಗಾರ, ಅಂದರೆ ತಿಂಗಳ ಸಂಬಳ, ಎಂದು ಹೆಸರು. ಎರಡು ವರ್ಷದ ಹಿಂದೆ ಅಮ್ಮ ಮುಕ್ತಾ ಹಾಗೆ ಕರೆದಳು, ಇವಳು ತಿದ್ದಲಿಲ್ಲ, ಅಷ್ಟೆ.

ನಿಜವೆಂದರೆ ಅವಳಿಗೆ ನೌಕರಿಯಿಲ್ಲ, ಬಿಡಿ ಕೆಲಸ ಕೊಡುವ ಗಿರಾಕಿಗಳಿದ್ದಾರೆ. ಠಾಣೆ ಊರಿನ ಟ್ಯೂಷನ್ ಕ್ಲಾಸಿಗೆ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಜೋಡಿಸಿಕೊಡುತ್ತಾಳೆ; ಅವರು ಪ್ರತಿ ಹತ್ತನೇ ತಾರೀಖು ತಪ್ಪದೆ ಕೊಡುತ್ತಾರೆ. ಉಲ್ಹಾಸನಗರದ ಬಟ್ಟೆಯಂಗಡಿಯವನಿಗೆ ಜಾಹೀರಾತು ಮಾಡುತ್ತಾಳೆ. ಅವನು ಮನಸ್ಸು ಬಂದಾಗ ಕೊಡುತ್ತಾನೆ, ಆದ್ದರಿಂದ ಅವನ ಹಣವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ರಬಾಳೆಯ ಪಂಪ್ ಕಂಪನಿಯ ಕ್ಯಾಟಲಾಗು ದೊಡ್ಡ ಕೆಲಸ, ದುಡ್ಡೂ ದೊಡ್ಡದು, ಬರುವುದು ಮಾತ್ರ ತಡ. ಯಾರದು ಯಾವಾಗ ಬಂದರೂ ಒಂದು ಬೇರೆ ಖಾತೆಗೆ ಬೀಳುತ್ತದೆ. ಅಲ್ಲಿಂದಲೇ ಒಂದನೇ ತಾರೀಖು ಅಮ್ಮನಿಗೆ. ತಡವಾದ ತಿಂಗಳು ಆ ಖಾತೆಯೇ ಅವಳಿಗೆ ಪೆಟ್ಟು ತಡೆಯುವ ಮೆತ್ತೆ. ಮೂರು ತಿಂಗಳ ಮೆತ್ತೆ ಇರಬೇಕೆಂದುಕೊಂಡಿದ್ದಳು. ಈಗ ಎರಡು ತಿಂಗಳಿನದ್ದು ಇದೆ.

ಜೂನ್ ಮೂವತ್ತರ ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ಅಪ್ಪ ಪುಂಡರೀಕಾಕ್ಷ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಹೇಳಿದರು: "ಇವತ್ತು ರಾಮಚಂದ್ರ ಶೆಟ್ರಿಗೆ ಹೇಳಿಬಿಡ್ತೇನೆ. ಇನ್ನು ಒಂದು ತಿಂಗಳು, ಆಮೇಲೆ ಹೋಟೆಲಿನ ಗಲ್ಲಾಪೆಟ್ಟಿಗೆಗೆ ಬೇರೆ ಯಾರನ್ನಾದ್ರೂ ಕೂರಿಸಿ ಅಂತ."

"ಹೇಳಿ ಮಾರಾಯ್ರೆ," ಅಂದಳು ಅಮ್ಮ. "ಮಗಳ ಪಗಾರ ಉಂಟಲ್ಲ. ಒಂದು ತಿಂಗಳಾದ್ರೂ ತಪ್ಪಿದ್ದುಂಟಾ?"

ಅಪೇಕ್ಷಾ ದೋಸೆಯ ಅಂಚು ಚೂರು ಮಾಡಿದಳು. ರಬಾಳೆಯ ದುಡ್ಡು ಆಗಸ್ಟಿಗೆ ಬಂದರೆ ಎಲ್ಲ ಸರಿಹೋಗುತ್ತದೆ, ಏನೂ ಹೇಳಬೇಕಾಗಿಲ್ಲ. ಬರುತ್ತದೋ ಇಲ್ಲವೋ ಕೇಳಿಯೇ ಬರಬೇಕು. ಕೂತಲ್ಲಿ ಕೂರಲಾಗದೆ ರಬಾಳೆಗೆ ಹೊರಟಳು. ಠಾಣೆಯಲ್ಲಿ ರೈಲುಗಾಡಿ ಬದಲಿಸುವಾಗ ಯಾರದೋ ಒದ್ದೆ ಕೊಡೆ ಬೆನ್ನಿಗೆ ಚುಚ್ಚಿದರೂ ಅವಳಿಗೆ ತಿಳಿಯಲಿಲ್ಲ.

ಕಂಪನಿಯ ಅಕೌಂಟ್ಸಿನ ನಿಶಾ ಹುಬ್ಬಳ್ಳಿಯವಳು. ಕಂಪ್ಯೂಟರ್ ನೋಡಿ ಲೊಚಗುಟ್ಟಿದಳು. "ನಿನ್ನ ಬಿಲ್ಲು ಇಪ್ಪತ್ತೇಳಕ್ಕ ಬಂದೈತಿ. ಇಪ್ಪತ್ತೈದರೊಳಗ ಬಂದದ್ದಷ್ಟ ಆ ತಿಂಗಳದ್ದು. ನಿಂದು ಜುಲೈ ಇಪ್ಪತ್ತೈದಕ್ಕ ಸೇರತೈತಿ, ಅಲ್ಲಿಂದ ನಲವತ್ತೈದು ದಿನ."

"ಅಂದ್ರೆ ಸೆಪ್ಟೆಂಬರ್?"

"ಎಂಟನೇ ತಾರೀಖಿನ ಸುಮಾರು. ಅದೂ ಹತ್ತು ಪರ್ಸೆಂಟ್ ಟಿಡಿಎಸ್ ಹಿಡಕೊಂಡು. ಕೆಲಸ ಹದಿನೆಂಟಕ್ಕ ಕೊಟ್ಟಿ, ಬಿಲ್ಲು ಯಾಕ ಇಟ್ಕೊಂಡು ಕುಂತಿದ್ದಿ?"

ಅಪೇಕ್ಷಾ ಮೆಲ್ಲಗೆ ಹೇಳಿದಳು, "ಸಾಹೇಬ್ರು ಚೆನ್ನಾಗಿದೆ ಅಂದ ಮೇಲೆ ಕಳಿಸುವ ಅಂತ..."

ನಿಶಾ ನಕ್ಕ ರಭಸಕ್ಕೆ ಪಕ್ಕದ ಮೇಜಿನವರು ತಿರುಗಿದರು. "ನಮ್ಮ ಸಾಹೇಬ್ರು? ಅವರು ಕಟ್ಕೊಂಡ ಹೆಂಡ್ತಿ ಅಡಿಗೀನೂ ಚಲೋ ಐತಿ ಅಂದವರಲ್ಲ! ಫೈಲ್ ಕಳಿಸಿದ ದಿನಾನ ಬಿಲ್ಲೂ ಕಳಿಸು ತಂಗಿ. ಹೊಗಳಿಕಿಗೆ ಕಾದರ ಹೊಟ್ಟಿ ತುಂಬಂಗಿಲ್ಲ."

ಮರಳುವ ಗಾಡಿಯಲ್ಲಿ ಅವಳು ಬೆರಳು ಮಡಚುತ್ತ ತಿಂಗಳುಗಳ ಲೆಕ್ಕವನ್ನು ಮತ್ತೆ ಕಟ್ಟಿದಳು. ತನ್ನ ಖರ್ಚು ಕಳೆದು ಮೆತ್ತೆಯಲ್ಲಿರುವುದು ಐವತ್ತೊಂಬತ್ತು ಸಾವಿರ. ನಾಳೆ ಇಪ್ಪತ್ತೆಂಟು ಹೋಗುತ್ತದೆ. ಜುಲೈ ಹತ್ತಕ್ಕೆ ಠಾಣೆಯ ಹದಿನೆಂಟು ಬರುತ್ತದೆ, ಆಗಸ್ಟ್ ಹತ್ತಕ್ಕೆ ಮತ್ತೆ ಅಷ್ಟೇ. ಅಪ್ಪ ಕೆಲಸದಲ್ಲಿದ್ದರೆ ಸೆಪ್ಟೆಂಬರ್ ಒಂದೂ ದಾಟುತ್ತದೆ, ಬಿಗಿಯಾಗಿ. ಅಪ್ಪ ಬಿಟ್ಟರೆ ಆಗಸ್ಟಿನಿಂದ ಮನೆಗೆ ಅವಳೊಬ್ಬಳೇ ನಲವತ್ತೈದು ಕೊಡಬೇಕು. ಆಗಸ್ಟ್ ಹೇಗೋ ಹೋದೀತು. ಸೆಪ್ಟೆಂಬರ್ ಒಂದಕ್ಕೆ ಇಪ್ಪತ್ತಮೂರು ಸಾವಿರ ಕಡಿಮೆ ಬೀಳುತ್ತದೆ. ಎಷ್ಟು ಸಲ ಕಟ್ಟಿದರೂ ಅದು ಅಲ್ಲೇ ಬಂದು ಕುಸಿಯಿತು. ಹಿಂದೆ ಎರಡು ಸಲ ಹೀಗೆ ತಡವಾದಾಗ ತನ್ನ ಊಟ, ಚಪ್ಪಲಿ, ಕನ್ನಡಕದ ಖರ್ಚು ಉಳಿಸಿ ಕೊರತೆ ಮುಚ್ಚಿಕೊಂಡಿದ್ದಳು. ಇದು ಮುಚ್ಚುವ ಅಳತೆಯದ್ದಲ್ಲ.

ಅಪ್ಪನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮಾಡಿದ್ದು ಎತ್ತದಿರಲಿ ಎಂದೇ ಏನೋ, ಎರಡನೇ ಸಲ ಒತ್ತಲಿಲ್ಲ.

ಡೊಂಬಿವಲಿ ಸ್ಟೇಷನ್ನಿಗೆ ಹತ್ತಿರದ, ಅಪ್ಪ ಕೆಲಸ ಮಾಡುವ ಹೋಟೆಲಿಗೆ ಅವಳು ತಲುಪುವಾಗ ಮಧ್ಯಾಹ್ನದ ಗದ್ದಲ ಇಳಿದಿತ್ತು. ಗಲ್ಲಾಪೆಟ್ಟಿಗೆಯ ಪಕ್ಕ ಧಣಿ ರಾಮಚಂದ್ರ ಶೆಟ್ರು ಚಹಾ ಹಿಡಿದು ನಿಂತಿದ್ದರು. ಅಪ್ಪ ಎದ್ದು ನಿಂತು, ಮೊಣಕಾಲು ಸರಿಮಾಡಿಕೊಂಡು, ಗಂಟಲು ಕೆರೆದುಕೊಳ್ಳುತ್ತಿದ್ದರು.

"ಓ, ಮಗಳು!" ಅಂದರು ಶೆಟ್ರು. "ಅಪ್ಪನಿಗೆ ಎಂತದೋ ಹೇಳ್ಲಿಕ್ಕುಂಟಂತೆ, ಅರ್ಧ ಗಂಟೆಯಿಂದ ಗಂಟಲು ಕೆರೀತಿದ್ದಾರೆ. ನೀನಾದ್ರೂ ಹೇಳು."

"ಅವಳಿಗೆಂತ ಗೊತ್ತು," ಅಪ್ಪ ನಾಚಿ ನಕ್ಕರು. "ಧಣಿ, ವಿಷಯ ಎಂತ ಅಂದ್ರೆ, ಈಗ ಮಗಳಿಗೆ ಪಗಾರ..."

"ಅಪ್ಪ."

ಅವಳ ಸ್ವರ ಅವಳೆಣಿಸಿದ್ದಕ್ಕಿಂತ ದೊಡ್ಡದಾಗಿತ್ತು. ಮೂಲೆಯ ಮೇಜಿನವನು ಇಡ್ಲಿಯಿಂದ ತಲೆಯೆತ್ತಿದ. ಓಡಿಹೋಗಬೇಕೆನಿಸಿತು. ಗಲ್ಲಾಪೆಟ್ಟಿಗೆಯ ಮೇಜಿನ ಅಂಚನ್ನು ಹಿಡಿದುಕೊಂಡಳು.

"ಅಪ್ಪ, ನಂಗೆ ಪಗಾರ ಇಲ್ಲ."